ಬೇವಿನ ಮರ ಯಾವ ಸಾಲಿಗೆ? ಎರಡನೇ ತರಗತಿಯ ಒಂದು ವರ್ಕ್‌ಶೀಟಿನ ಪ್ರಕರಣ ಅಧ್ಯಯನ

ಮುಂಬೈಯ ಪೂರ್ವ ಉಪನಗರದಲ್ಲಿ, ರೈಲು ಹಳಿಗೆ ತೀರ ಹತ್ತಿರದಲ್ಲಿರುವ ಒಂದು ಕನ್ನಡ ಮಾಧ್ಯಮ ಶಾಲೆಯಲ್ಲಿ ನಾನು ಎರಡನೇ ತರಗತಿಗೆ ಕಲಿಸುತ್ತೇನೆ. ಆ ವರ್ಷ ತರಗತಿಯಲ್ಲಿ 21 ಮಕ್ಕಳಿದ್ದರು. ಅರ್ಧಕ್ಕಿಂತ ಹೆಚ್ಚಿನವರ ತಂದೆತಾಯಿ ಕಲಬುರಗಿ ಮತ್ತು ವಿಜಯಪುರದ ಕಡೆಯಿಂದ ಕಟ್ಟಡದ ಕೆಲಸಕ್ಕೆಂದು ಬಂದು ಇಲ್ಲಿಯೇ ನೆಲೆನಿಂತವರು. ಉಳಿದವರ ಮನೆಯವರು ಕರಾವಳಿಯಿಂದ ಹೋಟೆಲು ಕೆಲಸಕ್ಕೆ ಬಂದವರು. ಜುಲೈ ತಿಂಗಳ ಎರಡನೇ ವಾರದಲ್ಲಿ, ಜೀವ ಇರುವ ಮತ್ತು ಜೀವ ಇಲ್ಲದ ವಸ್ತುಗಳನ್ನು ಬೇರ್ಪಡಿಸುವ ಒಂದು ಪುಟದ ವರ್ಕ್‌ಶೀಟನ್ನು ನಾನು ಈ ಮಕ್ಕಳಿಗೆ ಕೊಟ್ಟೆ. ಆ ಒಂದು ಪುಟ ನನ್ನಿಂದ ಸುಮಾರು ಮೂರು ವಾರಗಳ ಕೆಲಸ ಮಾಡಿಸಿತು. ಆ ಮೂರು ವಾರಗಳಲ್ಲಿ ಏನಾಯಿತು, ಹಾಳೆಯಲ್ಲಿ ಯಾವ ತಪ್ಪಿತ್ತು, ಅದನ್ನು ಹೇಗೆ ತಿದ್ದಿದೆ ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ.

2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟಿನ ಪ್ರಕಾರ ಒಂದನೇ ಮತ್ತು ಎರಡನೇ ತರಗತಿಗೆ ಪರಿಸರ ಅಧ್ಯಯನ ಬೇರೆ ವಿಷಯವಾಗಿರಲಿಲ್ಲ. ಅದನ್ನು ಭಾಷೆ ಮತ್ತು ಗಣಿತದ ಪಾಠಗಳೊಳಗೇ ಸೇರಿಸಿ ಕಲಿಸಬೇಕಿತ್ತು. ಆದ್ದರಿಂದ ನಾನು ಈ ಹಾಳೆಯನ್ನು ಕನ್ನಡದ ಅವಧಿಯಲ್ಲಿ ಕೊಟ್ಟಿದ್ದೆ. ಮುಂದೆ ಎದುರಾದ ತೊಡಕುಗಳಲ್ಲಿ ಬಹಳಷ್ಟು ಭಾಷೆಯ ತೊಡಕುಗಳೇ ಆಗಿದ್ದುದರಿಂದ ಈ ಮಾತನ್ನು ಮೊದಲೇ ಹೇಳಿದ್ದೇನೆ.

ಹಾಳೆ ನಾನು ಸ್ವತಃ ಮಾಡಿದ್ದಲ್ಲ. ಶಿಕ್ಷಕರು ಒಬ್ಬರಿಂದೊಬ್ಬರು ಪಡೆದುಕೊಳ್ಳುವ ಹಾಳೆಗಳಲ್ಲಿ ಒಂದನ್ನು ತೆಗೆದುಕೊಂಡು ಝೆರಾಕ್ಸ್ ಮಾಡಿಸಿದ್ದೆ. ಮೇಲ್ಭಾಗದಲ್ಲಿ 12 ಚಿತ್ರಗಳಿದ್ದವು: ಕಾಗೆ, ಬೆಕ್ಕು, ಮೀನು, ಇರುವೆ, ಬೇವಿನ ಮರ, ತುಳಸಿ ಗಿಡ, ಲೋಕಲ್ ರೈಲು, ಸೂರ್ಯ, ಗಾಳಿಪಟ, ಕಲ್ಲು, ಕುರ್ಚಿ, ಕೊಡೆ. ನಡುವೆ ‘ಸಜೀವಿ’, ‘ನಿರ್ಜೀವಿ’ ಎಂಬ ಎರಡು ಸಾಲುಗಳು. ಕೆಳಗೆ ಬೆಂಕಿಪೆಟ್ಟಿಗೆಗಿಂತ ಸ್ವಲ್ಪ ದೊಡ್ಡದಾದ ಒಂದು ಚೌಕ, ಅದರ ಪಕ್ಕದಲ್ಲಿ ‘ನಿನಗೆ ಇಷ್ಟವಾದ ಒಂದು ಜೀವಿಯ ಚಿತ್ರ ಬಿಡಿಸು’ ಎಂಬ ಸೂಚನೆ. ಮಕ್ಕಳು 25 ನಿಮಿಷಗಳಲ್ಲಿ ಮುಗಿಸಿಕೊಟ್ಟರು.

ಆ ಸಂಜೆ ತಿದ್ದಲು ಕುಳಿತಾಗ ನನಗೆ ಸಂತೋಷವೇ ಆಯಿತು, ಏಕೆಂದರೆ ತರಗತಿಯ ಸರಾಸರಿ 12ಕ್ಕೆ 10 ಬಂದಿತ್ತು. ಅಲ್ಲಿಗೆ ಬಿಟ್ಟಿದ್ದರೆ ಪಾಠ ಮುಗಿದಂತೆಯೇ ಆಗುತ್ತಿತ್ತು. ಆದರೆ ಹಾಳೆಗಳನ್ನು ಜೋಡಿಸಿಡುವಾಗ ಬೇವಿನ ಮರದ ಮೇಲೆ ಕೆಂಪು ಗುರುತು ಮತ್ತೆ ಮತ್ತೆ ಕಣ್ಣಿಗೆ ಬಿತ್ತು. ಆಗ ಒಂದು ಕಾಗದ ತೆಗೆದುಕೊಂಡು, ಯಾವ ಮಗುವಿಗೆ ಎಷ್ಟು ಅಂಕ ಎಂಬುದನ್ನು ಬಿಟ್ಟು, ಯಾವ ಚಿತ್ರದಲ್ಲಿ ಎಷ್ಟು ಮಕ್ಕಳು ತಪ್ಪಿದ್ದಾರೆ ಎಂದು ಎಣಿಸಿದೆ. ಬೇವಿನ ಮರವನ್ನು 13 ಮಕ್ಕಳು ನಿರ್ಜೀವಿಯ ಸಾಲಿಗೆ ಹಾಕಿದ್ದರು. ಸೂರ್ಯನನ್ನು 14 ಮಕ್ಕಳು ಸಜೀವಿ ಎಂದಿದ್ದರು. ಲೋಕಲ್ ರೈಲಿಗೆ 6 ಮಕ್ಕಳು, ಗಾಳಿಪಟಕ್ಕೆ 4 ಮಕ್ಕಳು ಜೀವ ಕೊಟ್ಟಿದ್ದರು. ತುಳಸಿ ಗಿಡಕ್ಕೆ ಜೀವವಿಲ್ಲ ಎಂದವರು 5 ಮಕ್ಕಳು. ಉಳಿದ ಏಳು ಚಿತ್ರಗಳಲ್ಲಿ ಒಂದೇ ಒಂದು ತಪ್ಪೂ ಇರಲಿಲ್ಲ. ಅಂದರೆ ಒಟ್ಟು 42 ತಪ್ಪುಗಳೂ ಐದು ಚಿತ್ರಗಳಲ್ಲಿಯೇ ಇದ್ದವು. ಬೆಕ್ಕು, ಕಾಗೆ, ಕುರ್ಚಿ, ಕಲ್ಲುಗಳ ಬಗ್ಗೆ ಮಕ್ಕಳಿಗೆ ಈ ಹಾಳೆ ಬರುವ ಮೊದಲೇ ಗೊತ್ತಿತ್ತು. ಗೊತ್ತಿದ್ದುದಕ್ಕೇ ಅಂಕ ಕೊಟ್ಟು ನಾನು ಸರಾಸರಿಯನ್ನು ಹತ್ತಕ್ಕೆ ಏರಿಸಿದ್ದೆ. ಇಂಥ ಹಾಳೆಯನ್ನು ಮಗುವಿನ ಲೆಕ್ಕದಲ್ಲಿ ತಿದ್ದುವುದಕ್ಕಿಂತ ಚಿತ್ರದ ಲೆಕ್ಕದಲ್ಲಿ ತಿದ್ದುವುದೇ ಸರಿ ಎಂದು ನಾನು ಅಂದಿನಿಂದ ನಂಬಿದ್ದೇನೆ.

ನನ್ನನ್ನು ಹೆಚ್ಚು ಕಾಡಿದ್ದು ಬೇವಿಗೂ ತುಳಸಿಗೂ ಇದ್ದ ವ್ಯತ್ಯಾಸ. ಎರಡೂ ಸಸ್ಯಗಳೇ. ಗಿಡಮರಗಳಿಗೆ ಜೀವವಿದೆ ಎಂಬುದು ಗೊತ್ತಿದ್ದರೆ ಎರಡೂ ಸರಿಯಾಗಬೇಕು, ಗೊತ್ತಿಲ್ಲದಿದ್ದರೆ ಎರಡೂ ತಪ್ಪಾಗಬೇಕು. ಎಂಟು ಮಕ್ಕಳು ತುಳಸಿಗೆ ಜೀವವಿದೆ, ಬೇವಿಗೆ ಇಲ್ಲ ಎಂದು ಬರೆದಿದ್ದರು. ಮರುದಿನ ಆ ಎಂಟು ಮಕ್ಕಳನ್ನು ಒಬ್ಬೊಬ್ಬರಾಗಿ ಮೇಜಿನ ಬಳಿಗೆ ಕರೆದು, ಯಾವುದು ಸರಿ ಯಾವುದು ತಪ್ಪು ಎಂದು ಹೇಳದೆ, ‘ಇದನ್ನು ಇಲ್ಲಿ ಯಾಕೆ ಹಾಕಿದೆ?’ ಎಂದಷ್ಟೇ ಕೇಳಿದೆ.

ಒಬ್ಬ ಹುಡುಗ ಬಹಳ ಯೋಚಿಸಿ, “ಮರಕ್ಕ ಜೀವ ಎಲ್ಲೈತ್ರಿ ಟೀಚರ್? ಕಡದ್ರೂ ಅಳಂಗಿಲ್ಲ, ಓಡಂಗಿಲ್ಲ” ಎಂದ. ತುಳಸಿ ಕೂಡ ಅಳುವುದಿಲ್ಲವಲ್ಲ ಎಂದಾಗ, “ತುಳಸವ್ವಗ ನಮ್ಮಜ್ಜಿ ದಿನಾ ನೀರ ಹಾಕ್ತಾಳ. ಹಾಕ್ಲಿಲ್ಲಂದ್ರ ಒಣಗಿ ಸಾಯ್ತದ” ಎಂದ. ಮರವನ್ನು ಅವನು ಅಳತೆ ಮಾಡಿದ್ದು ಅಳು ಮತ್ತು ಓಟದಿಂದ. ತುಳಸಿಯನ್ನು ಅಳತೆ ಮಾಡಿದ್ದು ನೀರು ಮತ್ತು ಸಾವಿನಿಂದ. ಎರಡನೆಯ ಅಳತೆಗೋಲು ಸರಿಯಾದದ್ದು, ಮತ್ತು ಅದು ಅವನ ಕೈಯಲ್ಲಿ ಆಗಲೇ ಇತ್ತು. ಬೇವಿನ ಮರಕ್ಕೆ ಯಾರೂ ನೀರು ಹಾಕುವುದನ್ನು ಅವನು ನೋಡಿರಲಿಲ್ಲವಾದ್ದರಿಂದ ಅದನ್ನು ಅಲ್ಲಿಗೆ ತರುವ ಸಂದರ್ಭ ಬಂದಿರಲಿಲ್ಲ, ಅಷ್ಟೆ. ಹೊಂಬಣ್ಣದ ಮೀನನ್ನು ಮನೆಯಲ್ಲಿ ಸಾಕಿದ ಪುಟ್ಟ ಮಕ್ಕಳು ಕಪ್ಪೆಯ ಬಗ್ಗೆ ಕೇಳಿದ ಪ್ರಶ್ನೆಗೂ ಮೀನಿನ ಅನುಭವದಿಂದ ಸಮಂಜಸ ಉತ್ತರ ಕೊಡುತ್ತಾರೆ ಎಂಬುದನ್ನು ಜಪಾನಿನ ಮನಶ್ಶಾಸ್ತ್ರಜ್ಞೆ ಕಯೋಕೊ ಇನಗಾಕಿ ತೋರಿಸಿದ್ದಾರೆ. ನಮ್ಮ ಮಕ್ಕಳಿಗೆ ಆ ಮೀನಿನ ಜಾಗದಲ್ಲಿ ಇದ್ದದ್ದು ಡಾಲ್ಡಾ ಡಬ್ಬಿಯಲ್ಲಿ ಬೆಳೆಸಿದ ತುಳಸಿ.

ಈ ವಯಸ್ಸಿನ ಮಕ್ಕಳು ಚಲಿಸುವುದಕ್ಕೆಲ್ಲ, ಅದರಲ್ಲೂ ತಾನಾಗಿಯೇ ಚಲಿಸುವಂತೆ ಕಾಣುವುದಕ್ಕೆಲ್ಲ ಜೀವವಿದೆ ಎಂದುಕೊಳ್ಳುತ್ತಾರೆ ಎಂದು ಸ್ವಿಸ್ ಮನಶ್ಶಾಸ್ತ್ರಜ್ಞ ಪಿಯಾಜೆ 1920ರ ದಶಕದಲ್ಲಿಯೇ ಬರೆದಿದ್ದರು. ರೈಲು, ಗಾಳಿಪಟ, ಸೂರ್ಯ ಮೂರಕ್ಕೂ ಅದು ಹೊಂದುತ್ತದೆ. ಆದರೆ ನಮ್ಮ ತರಗತಿಯಲ್ಲಿ ಸೂರ್ಯನ ವಿಷಯದಲ್ಲಿ ಇನ್ನೊಂದು ಕಾರಣವೂ ಇತ್ತೆಂದು ನನ್ನ ಅಭಿಪ್ರಾಯ. ಕನ್ನಡದಲ್ಲಿ ಸೂರ್ಯ ಹುಟ್ಟುತ್ತಾನೆ, ಚಂದ್ರ ಬೆಳೆಯುತ್ತಾನೆ, ಕರಗುತ್ತಾನೆ, ಇಬ್ಬರೂ ಪುಲ್ಲಿಂಗ. ಬೆಕ್ಕು ಮಾತ್ರ ‘ಬರುತ್ತದೆ’, ಮಗು ಕೂಡ ‘ಅಳುತ್ತದೆ’. ಏಳು ವರ್ಷದ ಮಗು ದಿನವೂ ಆಡುವ ಮಾತಿನಲ್ಲಿ ಸೂರ್ಯನಿಗೆ ಬೆಕ್ಕಿಗಿಂತ ಹೆಚ್ಚಿನ ಜೀವ ಇರುವಾಗ ಹಾಳೆಯ ಮೇಲೆ ಬೇರೆ ಉತ್ತರ ಬರಬೇಕೆಂದು ನಿರೀಕ್ಷಿಸುವುದು ಕಷ್ಟ. ಹಾಗೆಯೇ ಮರದ ಬಗ್ಗೆ. ಪ್ರಾಣ ಇರುವುದು ಪ್ರಾಣಿ. ಒಬ್ಬ ಹುಡುಗಿ ಇದನ್ನು ನೇರವಾಗಿಯೇ ಹೇಳಿದಳು: “ಮರ ಪ್ರಾಣಿ ಅಲ್ಲ ಅಲ್ವಾ ಟೀಚರ್, ಮತ್ತೆ ಅದಕ್ಕೆ ಪ್ರಾಣ ಹೇಗೆ ಇರುವುದು?” ಪದದ ಲೆಕ್ಕದಲ್ಲಿ ಅವಳ ತರ್ಕದಲ್ಲಿ ಯಾವ ದೋಷವೂ ಇರಲಿಲ್ಲ.

ಹಾಳೆಯನ್ನು ಮತ್ತೊಮ್ಮೆ ಎದುರಿಗಿಟ್ಟುಕೊಂಡು ನೋಡಿದಾಗ ಅದರಲ್ಲಿದ್ದ ತಪ್ಪುಗಳು ನನಗೆ ಕಂಡವು. ಝೆರಾಕ್ಸ್ ಮಾಡಿಸುವ ಮೊದಲೇ ಅವು ಕಾಣಬೇಕಿತ್ತು. ಸೂರ್ಯನಿಗೆ ಕಣ್ಣು, ಮೂಗು, ನಗುವ ಬಾಯಿ ಬರೆದಿದ್ದರು. ಬೇವಿನ ಮರಕ್ಕೆ ಬೇರೂ ಇರಲಿಲ್ಲ, ನೆಲವೂ ಇರಲಿಲ್ಲ. ಕೋಲಿನ ಮೇಲೆ ಹಸಿರು ಉಂಡೆ ಇಟ್ಟಂತೆ ಇದ್ದ ಆ ಚಿತ್ರ ಕುರ್ಚಿಯ ಪಕ್ಕದಲ್ಲಿಯೇ ಇತ್ತು. ‘ನಿರ್ಜೀವಿ’ ಎಂಬ ಪದವನ್ನು ಕೆಲವು ಮಕ್ಕಳು ‘ಸತ್ತದ್ದು’ ಎಂದು ತಿಳಿದುಕೊಂಡಿದ್ದರು, ಏಕೆಂದರೆ ಅವರ ಮನೆಯ ಮಾತಿನಲ್ಲಿ ಜೀವ ಇಲ್ಲ ಎಂದರೆ ಜೀವ ಹೋಗಿದೆ ಎಂದೇ ಅರ್ಥ. ಇನ್ನು ಚಿತ್ರ ಬಿಡಿಸುವ ಚೌಕದಿಂದ ನನಗೆ ಏನೂ ತಿಳಿಯಲಿಲ್ಲ. 17 ಮಕ್ಕಳು ಬೆಕ್ಕು, ಮೀನು ಅಥವಾ ಹೂವು ಬಿಡಿಸಿದ್ದರು. ಎಲ್ಲರಿಗೂ ಬರುವ, ಕೈಗೆ ರೂಢಿಯಾಗಿರುವ ಚಿತ್ರಗಳು ಅವು. ಬೇವಿನ ಮರವನ್ನು ತಪ್ಪು ಸಾಲಿಗೆ ಹಾಕಿದ ಮಗುವೂ ಚಂದದ ಬೆಕ್ಕು ಬಿಡಿಸಿ ನಕ್ಷತ್ರ ಪಡೆದುಕೊಂಡಿತ್ತು.

ಎರಡನೆಯ ಹಾಳೆಯನ್ನು ನಾನೇ ಕೈಯಿಂದ ಬರೆದೆ. ಆದರೆ ಅದನ್ನು ಕೊಡುವ ಮೊದಲು ಒಂದು ಅವಧಿ ಪೂರ್ತಿ ಕಾಗದವಿಲ್ಲದೆ ನಡೆಸಿದೆ. ನೆಲದ ಮೇಲೆ ಎರಡು ಸ್ಟೀಲ್ ತಟ್ಟೆಗಳನ್ನಿಟ್ಟು, ನಡುವೆ ನೂಲಿನಿಂದ ಒಂದು ವೃತ್ತ ಮಾಡಿದೆ. ಒಂದು ತಟ್ಟೆ ‘ಜೀವ ಇರುವವು’, ಇನ್ನೊಂದು ‘ಎಂದೂ ಜೀವ ಇಲ್ಲದವು’, ನಡುವಿನ ವೃತ್ತ ‘ಇನ್ನೂ ನೋಡಬೇಕು’. ‘ಎಂದೂ’ ಎಂಬ ಒಂದು ಪದದಿಂದ ಸತ್ತದ್ದರ ಗೊಂದಲ ಬಹುಮಟ್ಟಿಗೆ ಕಡಿಮೆಯಾಯಿತು. ಒಣಗಿದ ಎಲೆ, ಬೆಂಚಿನಿಂದ ಎದ್ದ ಮರದ ಚಕ್ಕೆ ಇವುಗಳನ್ನು ಮಕ್ಕಳು ತಾವಾಗಿಯೇ ವೃತ್ತದಲ್ಲಿಟ್ಟು, “ಇದಕ್ಕೆ ಮೊದಲು ಜೀವ ಇತ್ತು” ಎಂದರು. ಈ ಮೂರನೆಯ ಗುಂಪನ್ನು ನಾನು ಬಾಯಿಮಾತಿನಲ್ಲಿಯೇ ಉಳಿಸಿಕೊಂಡೆ. ಎರಡನೇ ತರಗತಿಯ ಹಾಳೆಯ ಮೇಲೆ ಮೂರು ಸಾಲು ಹಾಕಿದರೆ ಓದುವ ಭಾರವೇ ಹೆಚ್ಚಾಗುತ್ತದೆ.

ಜೀವಿಗಳ ಲಕ್ಷಣಗಳೆಂದು ಮೇಲಿನ ತರಗತಿಗಳಲ್ಲಿ ಚಲನೆ, ಉಸಿರಾಟ, ಸಂವೇದನೆ, ಬೆಳವಣಿಗೆ, ಸಂತಾನೋತ್ಪತ್ತಿ, ವಿಸರ್ಜನೆ, ಪೋಷಣೆ ಎಂಬ ಏಳನ್ನು ಕಲಿಸುತ್ತಾರೆ. ಏಳು ವರ್ಷದ ಮಗುವಿಗೆ ಇವುಗಳಲ್ಲಿ ಅರ್ಧದಷ್ಟು ಕಣ್ಣಿಗೆ ಕಾಣುವುದೇ ಇಲ್ಲ. ಮರದ ಉಸಿರಾಟವನ್ನು ತೋರಿಸಲಾಗದು. ಚಲನೆಯಂತೂ ದಾರಿ ತಪ್ಪಿಸುವ ಲಕ್ಷಣ. ಹಾಗಾಗಿ ನಾನು ಮೂರನ್ನು ಮಾತ್ರ ಆರಿಸಿಕೊಂಡು ಪ್ರಶ್ನೆಗಳಾಗಿ ಬರೆದೆ: ಇದಕ್ಕೆ ಊಟ ಅಥವಾ ನೀರು ಬೇಕೇ? ಇದು ಬೆಳೆಯುತ್ತದೆಯೇ? ಇದರಿಂದ ಇದರಂಥದೇ ಮರಿಯೋ ಸಸಿಯೋ ಬರುತ್ತದೆಯೇ? ಮೂರಕ್ಕೂ ಹೌದು ಎಂದು ಬಂದರೆ ಮಾತ್ರ ಮೊದಲ ತಟ್ಟೆಗೆ.

ಪ್ರಶ್ನೆಗಳನ್ನು ಮಕ್ಕಳು ಹೇಗೆ ಪರೀಕ್ಷಿಸಿದರು ಎಂಬುದು ಈ ಪ್ರಕರಣದ ಮುಖ್ಯ ಭಾಗ. ಲೋಕಲ್ ರೈಲಿನ ಆಟಿಕೆಯನ್ನು ಎತ್ತಿ ಹಿಡಿದ ಹುಡುಗ ಮೊದಲ ಪ್ರಶ್ನೆಗೆ, “ಹೌದು, ಕರೆಂಟ್ ತಿಂತದ” ಎಂದ. ಎರಡನೆಯದಕ್ಕೂ ಅವನ ಉತ್ತರ ಸಿದ್ಧವಾಗಿತ್ತು: “ಒಂಬತ್ತು ಡಬ್ಬಿ ಗಾಡಿ ಇತ್ತು, ಈಗ ಹನ್ನೆರಡು ಡಬ್ಬಿ ಆಗ್ಯದ. ಹದಿನೈದರದೂ ಅದ.” ಹಳಿಯ ಪಕ್ಕದಲ್ಲಿ ಬೆಳೆದ ಮಗುವಿಗೆ ಇದು ಸುಳ್ಳಲ್ಲ, ಮುಂಬೈಯಲ್ಲಿ ಮೊದಲು ಒಂಬತ್ತು ಡಬ್ಬಿಗಳ ಲೋಕಲ್‌ಗಳಿದ್ದವು, ಆಮೇಲೆ ಹನ್ನೆರಡು, ಹದಿನೈದು ಡಬ್ಬಿಗಳವು ಬಂದವು. ನಾನು ಉತ್ತರಿಸುವ ಮೊದಲೇ ಹಿಂದಿನಿಂದ ಒಬ್ಬಳು, “ಡಬ್ಬಿ ಜೋಡಿಸಿದ್ದು ಮನುಷ್ಯರಲ್ವಾ, ನಾವು ಬೆಳೆಯುವಾಗ ಯಾರೂ ಕಾಲು ಜೋಡಿಸುವುದಿಲ್ಲ” ಎಂದಳು. ಎರಡನೆಯ ಪ್ರಶ್ನೆಯನ್ನು ಅಲ್ಲಿಯೇ ‘ಇದು ಒಳಗಿನಿಂದ ತಾನಾಗಿ ಬೆಳೆಯುತ್ತದೆಯೇ?’ ಎಂದು ತಿದ್ದಿದೆ.

ಮೊದಲ ಪ್ರಶ್ನೆಯನ್ನು ತಿದ್ದಿಸಿದ್ದು ಸೂರ್ಯ. ಸೂರ್ಯನಿಗೆ ನೀರು ಬೇಕೇ ಎಂದು ಕೇಳಿದಾಗ ಮೂರು ಮಕ್ಕಳು ಒಟ್ಟಿಗೆ ಹೌದೆಂದರು. ಒಬ್ಬನ ಅಜ್ಜ ಬೆಳಿಗ್ಗೆ ಸ್ನಾನ ಮಾಡಿ ತಂಬಿಗೆಯಿಂದ ಸೂರ್ಯನಿಗೆ ನೀರು ಬಿಡುತ್ತಾರಂತೆ. ಮನೆಯ ಪೂಜೆಯನ್ನು ತಪ್ಪೆಂದು ಹೇಳುವ ಕೆಲಸ ಈ ಹಾಳೆಯದಲ್ಲ, ನಾನು ಹಾಗೆ ಹೇಳುವವಳೂ ಅಲ್ಲ. “ಅಜ್ಜ ಊರಿಗೆ ಹೋದ ದಿನ ಸೂರ್ಯ ಬಾಡುತ್ತಾನೆಯೇ?” ಎಂದಷ್ಟೇ ಕೇಳಿದೆ. ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದು, “ಇಲ್ರಿ, ತುಳಸಿ ಬಾಡ್ತದ” ಎಂದ. ಹೀಗೆ ಪ್ರಶ್ನೆ ‘ಊಟ, ನೀರು ಸಿಗದಿದ್ದರೆ ಇದು ಬಾಡುತ್ತದೆಯೇ, ಸಾಯುತ್ತದೆಯೇ?’ ಎಂದಾಯಿತು. ಕೊಡುವುದನ್ನು ಕೇಳುವುದಕ್ಕಿಂತ ಕೊಡದಿದ್ದರೆ ಏನಾಗುತ್ತದೆ ಎಂದು ಕೇಳುವುದು ಎಷ್ಟೋ ಹೆಚ್ಚು ಸ್ಪಷ್ಟವಾಗಿ ಬೇರ್ಪಡಿಸುತ್ತದೆ.

ಈಗ ಚಿತ್ರದ ಕೆಲಸಕ್ಕೆ ಬರುತ್ತೇನೆ. ಇದನ್ನೇ ನಾನು ಸಂಪೂರ್ಣವಾಗಿ ಬದಲಾಯಿಸಿದ್ದು. ಎ4 ಹಾಳೆಯನ್ನು ಅಡ್ಡ ಹಿಡಿದು, ಮೇಲೆ ನಾಲ್ಕು ಚೌಕ, ಕೆಳಗೆ ನಾಲ್ಕು ಚೌಕ ಹಾಕಿ, ಸೋಮವಾರದಿಂದ ಗುರುವಾರದವರೆಗೆ ಹೆಸರು ಬರೆದೆ. ಮೇಲಿನ ಸಾಲು ಹೆಸರುಕಾಳಿಗೆ, ಕೆಳಗಿನ ಸಾಲು ಅದೇ ಗಾತ್ರದ ಒಂದು ಸಣ್ಣ ಕಲ್ಲಿಗೆ. ಇಬ್ಬರಿಗೆ ಒಂದರಂತೆ ಸಣ್ಣ ಬಟ್ಟಲು ಕೊಟ್ಟು, ಪ್ರತಿ ಬಟ್ಟಲಿನಲ್ಲಿ ಐದು ಕಾಳು, ಎರಡು ಕಲ್ಲು ಹಾಕಿಸಿದೆ. ಕಲ್ಲನ್ನೂ ಕಾಳನ್ನೂ ಒಂದೇ ನೀರಿನಲ್ಲಿ ಒಟ್ಟಿಗೆ ನೆನೆಸುವುದು ಮುಖ್ಯ, ಇಲ್ಲದಿದ್ದರೆ ಕಲ್ಲಿಗೆ ನೀರು ಸಿಗಲಿಲ್ಲ, ಅದಕ್ಕೇ ಮೊಳೆಯಲಿಲ್ಲ ಎಂದು ಮಕ್ಕಳು ಹೇಳುತ್ತಾರೆ, ಮತ್ತು ಹಾಗೆ ಹೇಳುವುದು ನ್ಯಾಯವೇ.

ಸೋಮವಾರ ಬೆಳಿಗ್ಗೆ ಏಳೂವರೆಗೆ ನೆನೆಹಾಕಿ, ಹನ್ನೆರಡೂವರೆಗೆ ಶಾಲೆ ಬಿಡುವ ಮೊದಲು ನೀರು ಬಸಿದು, ಒದ್ದೆ ಬಟ್ಟೆ ಮುಚ್ಚಿಟ್ಟೆವು. ಮುಂಬೈಯ ಮಳೆಗಾಲದ ಬೆಚ್ಚನೆಯ ಹವೆಯಲ್ಲಿ ಮಂಗಳವಾರ ಬೆಳಿಗ್ಗೆಗೆ ಕಾಳು ಉಬ್ಬಿ, ಕೆಲವುಗಳ ಸಿಪ್ಪೆ ಒಡೆದು ಬಿಳಿಯ ತುದಿ ಕಂಡಿತು. ಬುಧವಾರಕ್ಕೆ ಮೊಳಕೆ ಮಕ್ಕಳ ಉಗುರಿನಷ್ಟು, ಗುರುವಾರಕ್ಕೆ ಬೆರಳಿನ ಒಂದು ಗೆಣ್ಣಿನಷ್ಟು ಉದ್ದವಾಗಿತ್ತು. ದಿನಕ್ಕೆ ಎರಡು ಬಾರಿ ಹೊಸ ನೀರಿನಲ್ಲಿ ತೊಳೆದು ಬಸಿಯಬೇಕು. ನೀರು ನಿಂತರೆ ಎರಡನೆಯ ದಿನಕ್ಕೇ ಲೋಳೆಯಾಗಿ ವಾಸನೆ ಬರುತ್ತದೆ. ಒಂದು ಬಟ್ಟಲಿನಲ್ಲಿ ಹಾಗೆಯೇ ಆಯಿತು, ಆದರೆ ಅದಕ್ಕೆ ಕಾರಣ ಬೇರೆ. ಆ ಜೋಡಿಯ ಹುಡುಗ ಮನೆಯಿಂದ ಹೆಚ್ಚಿನ ಕಾಳು ತರುತ್ತೇನೆಂದು ಹೆಸರುಬೇಳೆ ತಂದು ಹಾಕಿದ್ದ. ಒಡೆದ ಬೇಳೆ ಮೊಳೆಯುವುದಿಲ್ಲ, ಕೊಳೆಯುತ್ತದೆ. ಇಡೀ ಕಾಳನ್ನೇ ಬಳಸಬೇಕೆಂಬ ಎಚ್ಚರಿಕೆಯನ್ನು ನಾನು ಮೊದಲೇ ಕೊಡಬೇಕಿತ್ತು. ಆದರೂ ಆ ಬಟ್ಟಲನ್ನು ಎಸೆಯಲಿಲ್ಲ. ಬೇಳೆ, ಕಾಳು, ಕಲ್ಲು ಮೂರನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದ ತರಗತಿ ಅದೊಂದೇ.

ಚಿತ್ರ ಬಿಡಿಸಲು ಎರಡೇ ನಿಯಮ. ಪೆನ್ಸಿಲ್ ಮಾತ್ರ, ಬಣ್ಣ ಇಲ್ಲ. ಬಣ್ಣ ಕೊಟ್ಟರೆ ಹತ್ತು ನಿಮಿಷದ ಕೆಲಸ ಮುಕ್ಕಾಲು ಗಂಟೆಯಾಗುತ್ತದೆ, ಮತ್ತು ಮಗು ವಸ್ತುವನ್ನು ನೋಡುವುದು ಬಿಟ್ಟು ಬಣ್ಣವನ್ನೇ ನೋಡುತ್ತದೆ. ಎರಡನೆಯದು, ಕಾಳನ್ನು ಅಥವಾ ಕಲ್ಲನ್ನು ಚೌಕದೊಳಗೆ ಇಟ್ಟು ಎರಡು ತುದಿಗಳಿಗೂ ಚುಕ್ಕೆ ಹಾಕಿ, ಆಮೇಲೆ ಅದನ್ನು ಎತ್ತಿ, ಆ ಚುಕ್ಕೆಗಳ ನಡುವೆಯೇ ಬಿಡಿಸಬೇಕು. ಈ ಚುಕ್ಕೆಗಳಿಲ್ಲದಿದ್ದರೆ ನಾಲ್ಕು ದಿನಗಳ ಚಿತ್ರಗಳನ್ನು ಹೋಲಿಸಲು ಬರುವುದಿಲ್ಲ.

ಚುಕ್ಕೆ ಏಕೆ ಬೇಕೆಂಬುದನ್ನು ಕಿಟಕಿಯ ಪಕ್ಕದ ಬೆಂಚಿನ ಒಬ್ಬ ಹುಡುಗಿಯ ಹಾಳೆ ತೋರಿಸಿತು. ಅವಳು ಬಹಳ ಜಾಗರೂಕತೆಯ ಮಗು. ಮೇಲಿನ ಸಾಲಿನಲ್ಲಿ ಅವಳ ಕಾಳು ದಿನದಿಂದ ದಿನಕ್ಕೆ ಸರಿಯಾಗಿ ಬೆಳೆದಿತ್ತು. ಕೆಳಗಿನ ಸಾಲಿನಲ್ಲಿ ಅವಳ ಕಲ್ಲೂ ಬೆಳೆದಿತ್ತು. ಗುರುವಾರದ ಕಲ್ಲು ಸೋಮವಾರದ ಕಲ್ಲಿನ ಒಂದೂವರೆ ಪಟ್ಟು ಇತ್ತು. ಕೇಳಿದಾಗ, “ಅದೂ ನಾಲ್ಕು ದಿನ ನೀರು ಕುಡಿದಿದೆ ಟೀಚರ್” ಎಂದಳು. ಹಿಂದಿನ ವಾರದ ಹಾಳೆಯಲ್ಲಿ ಈ ಹುಡುಗಿ ಕಲ್ಲನ್ನು ಸರಿಯಾದ ಸಾಲಿಗೇ ಹಾಕಿದ್ದಳು. ಸರಿ ಗುರುತಿನ ಕೆಳಗೆ ಏನು ಅಡಗಿರುತ್ತದೆ ಎಂಬುದು ಚಿತ್ರದಲ್ಲಿ ಮಾತ್ರ ಹೊರಬಂತು. ನಾನು ಏನೂ ಹೇಳದೆ ಆ ಕಲ್ಲನ್ನು ಅವಳ ಕೈಗೆ ಕೊಟ್ಟು ಸೋಮವಾರದ ಚಿತ್ರದ ಮೇಲೆ ಇಡಲು ಹೇಳಿದೆ. ಕಲ್ಲು ಎರಡು ಚುಕ್ಕೆಗಳ ನಡುವೆ ಕರಾರುವಾಕ್ಕಾಗಿ ಕುಳಿತಿತು. ಅವಳು ಅದನ್ನು ಒಮ್ಮೆ ತಿರುಗಿಸಿ ಇಟ್ಟು ನೋಡಿದಳು, ಆಮೇಲೆ ರಬ್ಬರ್ ತೆಗೆದುಕೊಂಡು ಗುರುವಾರದ ಚೌಕವನ್ನು ಅಳಿಸಿದಳು. ಗುರುವಾರ ಅವಳು ಚುಕ್ಕೆ ಹಾಕದೆ ಬಿಡಿಸಿದ್ದಳೆಂಬುದು ಆಗ ತಿಳಿಯಿತು.

ಬಹಳಷ್ಟು ಮಕ್ಕಳಿಗೆ ಬುಧವಾರದ ಹೊತ್ತಿಗೆ ಕಲ್ಲು ಬಿಡಿಸಿ ಬೇಸರ ಬಂದಿತ್ತು. “ಹಂಗೇ ಐತ್ರಿ, ಮತ್ತ್ಯಾಕ ಬಿಡಸೂದು?” ಎಂದು ದೂರಿದರು. ಆ ದೂರನ್ನೇ ನಾನು ಹಲಗೆಯ ಮೇಲೆ ಬರೆದೆ: ‘ಕಲ್ಲು ಹಾಗೆಯೇ ಇದೆ.’ ಪಕ್ಕದಲ್ಲಿ ಕಾಳಿನ ಬಗ್ಗೆ ಅವರು ಹೇಳಿದ ಮಾತುಗಳನ್ನೂ ಬರೆದೆ. ಒಬ್ಬ ಹುಡುಗ ಮೊಳಕೆಗೆ ಕಣ್ಣು, ಬಾಯಿ ಬಿಡಿಸಿದ್ದ. ಅದು ತಪ್ಪು ತಿಳಿವಳಿಕೆಯೇ ಎಂದು ನೋಡಲು ಕೇಳಿದರೆ, “ಅದು ಹಸುಗೂಸು” ಎಂದ, ಕಾಳಿಗೆ ನಿಜವಾಗಿ ಕಣ್ಣಿಲ್ಲವೆಂದೂ ಹೇಳಿದ. ಚಿತ್ರದಲ್ಲಿ ಮುಖ ಕಂಡ ಮಾತ್ರಕ್ಕೆ ತಪ್ಪೆಂದು ತೀರ್ಮಾನಿಸಬಾರದು, ಕೇಳಬೇಕು.

ದೀಪದ ವಿಷಯದಲ್ಲಿ ಮಾತ್ರ ನನ್ನ ಮೂರು ಪ್ರಶ್ನೆಗಳು ಸೋತವು. ನಾನು ಉದ್ದೇಶಪೂರ್ವಕವಾಗಿಯೇ ಅದನ್ನು ಹಾಳೆಯಿಂದ ಬಿಟ್ಟಿದ್ದೆ, ಆದರೆ ಮಕ್ಕಳು ಬಿಡಲಿಲ್ಲ. ದೀಪಕ್ಕೆ ಎಣ್ಣೆ ಬೇಕು, ಎಣ್ಣೆ ಸಿಗದಿದ್ದರೆ ಅದು ಹೋಗುತ್ತದೆ, ಉರಿ ದೊಡ್ಡದಾಗುತ್ತದೆ, ಒಂದು ದೀಪದಿಂದ ಇನ್ನೊಂದು ದೀಪ ಹಚ್ಚಬಹುದು. ಮೂರಕ್ಕೂ ಹೌದು! ಉರಿ ತನ್ನದೇ ಆದ ಮೈಯನ್ನು ಕಟ್ಟಿಕೊಳ್ಳುವುದಿಲ್ಲ, ಎಣ್ಣೆ ಸುಟ್ಟು ಹೋಗುತ್ತದೆಯೇ ಹೊರತು ಉರಿಯ ಅಂಗವಾಗಿ ಉಳಿಯುವುದಿಲ್ಲ ಎಂಬ ನಿಜವಾದ ಉತ್ತರವನ್ನು ಏಳು ವರ್ಷದವರಿಗೆ ಹೇಳಿ ಪ್ರಯೋಜನವಿಲ್ಲ. ಆದ್ದರಿಂದ ದೀಪವನ್ನು ವೃತ್ತದಲ್ಲಿಟ್ಟು, ಒಂದು ವ್ಯತ್ಯಾಸವನ್ನು ಮಾತ್ರ ಹೇಳಿದೆ: ಆರಿದ ದೀಪವನ್ನು ಕಡ್ಡಿ ಗೀರಿ ಮತ್ತೆ ಹಚ್ಚಬಹುದು, ನಿಂತ ರೈಲನ್ನು ಮತ್ತೆ ಓಡಿಸಬಹುದು, ಪೂರ್ತಿ ಒಣಗಿ ಸತ್ತ ತುಳಸಿಯನ್ನು ಯಾರೂ ಮತ್ತೆ ಹಸಿರು ಮಾಡಲಾರರು. ಮಕ್ಕಳು ಒಪ್ಪಿದರು.

ಹತ್ತು ದಿನಗಳ ಬಳಿಕ ಮೂರನೆಯ ಹಾಳೆ ಕೊಟ್ಟೆ. ಸೂರ್ಯನೊಬ್ಬನನ್ನು ಬಿಟ್ಟರೆ ಎಲ್ಲವೂ ಹೊಸ ಚಿತ್ರಗಳು; ಹಳೆಯವನ್ನೇ ಕೊಟ್ಟಿದ್ದರೆ ನೆನಪನ್ನು ಅಳೆದಂತಾಗುತ್ತಿತ್ತು. ಚಾಳಿನ ಗೋಡೆಯ ಬಿರುಕಿನಲ್ಲಿ ಹುಟ್ಟಿದ ಅಶ್ವತ್ಥದ ಸಸಿಯನ್ನು, ಅದಕ್ಕೆ ಯಾರೂ ನೀರು ಹಾಕದಿದ್ದರೂ, 19 ಮಕ್ಕಳು ಜೀವ ಇರುವ ಸಾಲಿಗೆ ಹಾಕಿದರು. ತೆಂಗಿನ ಮರಕ್ಕೆ 20 ಮಕ್ಕಳು. ರಿಕ್ಷಾಕ್ಕೆ ಜೀವ ಕೊಟ್ಟವನು ಒಬ್ಬನೇ. ಜಿರಳೆ ಮತ್ತು ಬಕೆಟಿನಲ್ಲಿ ಯಾರೂ ತಪ್ಪಲಿಲ್ಲ. ಈ ಬಾರಿ ಸೂರ್ಯನಿಗೆ ಮುಖ ಬರೆದಿರಲಿಲ್ಲ. 14 ಮಕ್ಕಳ ಬದಲು 6 ಮಕ್ಕಳು ಜೀವವಿದೆ ಎಂದರು. ಇದರಲ್ಲಿ ಪಾಠದಿಂದ ಆದದ್ದೆಷ್ಟು, ಮುಖ ಅಳಿಸಿದ್ದರಿಂದ ಆದದ್ದೆಷ್ಟು ಎಂದು ಬೇರ್ಪಡಿಸಿ ಹೇಳುವಂತಿಲ್ಲ, ಏಕೆಂದರೆ ಎರಡನ್ನೂ ಒಟ್ಟಿಗೆ ಬದಲಾಯಿಸಿದ್ದೆ. ಮೋಡವನ್ನು 8 ಮಕ್ಕಳು ಜೀವಿ ಎಂದರು. ಅದು ತಾನಾಗಿ ಚಲಿಸುತ್ತದೆ, ಕಣ್ಣೆದುರೇ ದೊಡ್ಡದಾಗುತ್ತದೆ. ಅದನ್ನು ಮೂರನೇ ತರಗತಿಯಲ್ಲಿ ನೀರಿನ ಪಾಠ ಬರುವವರೆಗೆ ಬಿಡುವುದೇ ಒಳ್ಳೆಯದೆಂದು ನನಗನಿಸಿತು.

ಪಾಚಿಯಲ್ಲಿ 9 ಮಕ್ಕಳು ತಪ್ಪಿದ್ದರು. “ಅದು ಗೋಡೆಯ ಕೊಳೆ” ಎಂಬುದು ಅವರ ಕಾರಣ. ಶಾಲೆಯ ಹಿಂದಿನ ಗೋಡೆಯಿಂದ ಒಂದು ತುಂಡು ಪಾಚಿಯನ್ನು ಮಣ್ಣಿನ ಸಮೇತ ಎಬ್ಬಿಸಿ ತಂದು, ಭೂತಗನ್ನಡಿಯಿಂದ ಅದರ ಸಣ್ಣ ಎಲೆಗಳನ್ನು ತೋರಿಸಿದೆ. ಆಮೇಲೆ ಅದನ್ನು ಕಿಟಕಿಯ ಮೇಲೆ ಇಟ್ಟು ಮರೆತುಬಿಟ್ಟೆ. ಶನಿವಾರ, ಭಾನುವಾರ ಕಳೆದು ಬಂದಾಗ ಅದು ಮುದುಡಿ, ಕಂದು ಬಣ್ಣಕ್ಕೆ ತಿರುಗಿ, ಮುಟ್ಟಿದರೆ ಪುಡಿಯಾಗುವಂತಾಗಿತ್ತು. ಕಲ್ಲು ಬೆಳೆದಿದೆ ಎಂದು ಬಿಡಿಸಿದ್ದ ಅದೇ ಹುಡುಗಿ, ನನ್ನನ್ನು ಕೇಳದೆ, ತನ್ನ ಬಾಟಲಿಯಿಂದ ಅದರ ಮೇಲೆ ನೀರು ಚಿಮುಕಿಸಿದಳು. ಊಟದ ಬಿಡುವಿನ ಹೊತ್ತಿಗೆ ಪಾಚಿ ಮತ್ತೆ ಹಸಿರಾಗಿ ಎದ್ದು ನಿಂತಿತ್ತು.

“ಟೀಚರ್, ಒಣಗಿದ್ದು ಮತ್ತೆ ಹಸಿರಾಗುವುದಿಲ್ಲ ಅಂತ ನೀವು ಹೇಳಿದ್ದಿರಿ” ಎಂದಳು.

ಅವಳು ಹೇಳಿದ್ದು ಸರಿಯಾಗಿತ್ತು. ಪಾಚಿ ಒಣಗಿದರೂ ಸಾಯದೆ ಕಾದಿರಬಲ್ಲ ಸಸ್ಯ. ಮೇ ತಿಂಗಳಲ್ಲಿ ಕಪ್ಪು ಕಲೆಯಂತೆ ಕಾಣುವ ಗೋಡೆ ಜೂನಿನ ಮೊದಲ ಮಳೆಗಳಲ್ಲಿ ಹಸಿರಾಗುವುದು ಅದರಿಂದಲೇ. ಒಣಗುವುದು ಬೇರೆ, ಸಾಯುವುದು ಬೇರೆ ಎಂದು ನಾನು ತರಗತಿಗೆ ಹೇಳಿ, ನನ್ನ ಮಾತನ್ನು ತಿದ್ದಿಕೊಂಡೆ. ಡಬ್ಬಿಯಲ್ಲಿರುವ ಒಣ ಹೆಸರುಕಾಳು ಕೂಡ ಹಾಗೆಯೇ ಕಾದಿತ್ತಲ್ಲವೇ ಎಂದು ಕೇಳಿದಾಗ ಮೂರು ನಾಲ್ಕು ಮಕ್ಕಳು ತಮ್ಮ ಸೋಮವಾರದ ಚೌಕವನ್ನು ತೆಗೆದು ನೋಡಿದರು. ಆ ಹುಡುಗಿ ಹಾಳೆಯ ಹಿಂಬದಿಯಲ್ಲಿ ತಾನೇ ಎರಡು ಚೌಕ ಹಾಕಿಕೊಂಡು, ಒಂದರಲ್ಲಿ ಮುದುಡಿದ ಪಾಚಿ, ಇನ್ನೊಂದರಲ್ಲಿ ಎದ್ದುನಿಂತ ಪಾಚಿ ಬಿಡಿಸಿದಳು. ಎರಡಕ್ಕೂ ತುದಿಗಳಲ್ಲಿ ಚುಕ್ಕೆ ಹಾಕಿದ್ದಳು.